ದೂರದಿಂದ ಅಪ್ಪನ ಲ್ಯಾಪ್‌ಟಾಪ್ ರಿಪೇರಿ

ನಮ್ಮ ನ್ಯಾಲ್ಕಲ್, ಜಹೀರಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿದ ಮಕ್ಕಳಿದ್ದಾರೆ. ಅವರ ಹಿಂದೆ ಹೋದ ವಯಸ್ಸಾದ ತಂದೆ-ತಾಯಿಗಳೂ ಇದ್ದಾರೆ. ನನ್ನ ತಂದೆ ಡಲ್ಲಾಸಿನಲ್ಲಿ ಅಣ್ಣನ ಮನೆಯಲ್ಲಿರುತ್ತಾರೆ. ವಯಸ್ಸು ಎಪ್ಪತ್ನಾಲ್ಕು. ಕನ್ನಡ, ತೆಲುಗು ಎರಡನ್ನೂ ಸರಾಗವಾಗಿ ಓದುತ್ತಾರೆ. ಇಂಗ್ಲಿಷನ್ನು ಮಾತ್ರ ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರ ಲ್ಯಾಪ್‌ಟಾಪನ್ನು ಇಲ್ಲಿಂದಲೇ ಸರಿಪಡಿಸಿದ ಸಂಗತಿಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮಲ್ಲಿ ಬೆಳಗಿನ ಏಳು ಗಂಟೆ. ಬೇಸಿಗೆಯಲ್ಲಿ ಡಲ್ಲಾಸಿಗೂ ನಮಗೂ ಹತ್ತೂವರೆ ತಾಸಿನ ಅಂತರವಿರುವುದರಿಂದ ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಅಪ್ಪನ ಫೋನು ಬಂತು.

"ತಮ್ಮಾ, ಲ್ಯಾಪ್‌ಟಾಪಿಗೆ ವೈರಸ್ ಹತ್ತ್ಯಾದ. ಮೂಲ್ಯಾಗ ಒಂದು ಡಬ್ಬಿ ಬಂದು ಬಂದು ಹೋಗ್ತದ. ಅದರ ಮ್ಯಾಲ ಒತ್ತಿದೆ, ಪೂರಾ ಪರದೆ ಕೆಂಪಾಯ್ತು. ಫೋನ್ ನಂಬರ್ ಕೊಟ್ಟಾರ. ಮಾಡ್ಲೇನು?"

"ಬ್ಯಾಡ್ರಿ ಅಪ್ಪಾ, ಆ ನಂಬರಿಗೆ ಮಾಡಬ್ಯಾಡ್ರಿ. ಅಣ್ಣನಿಗೆ ಹೇಳಿದ್ರೇನು?"

"ಅವಗ ಹೇಳಬ್ಯಾಡ. ಸೊಸಿ ಮುಂದ ಮಾರಿ ಸಣ್ಣದಾಗ್ತದ."

ಈ ಸಂಕೋಚವೇ ಮೋಸಗಾರರಿಗೆ ಬಾಗಿಲು ತೆರೆಯುತ್ತದೆ. ಅಪ್ಪನ ಪಿಂಚಣಿ ಬರುವ ಬ್ಯಾಂಕ್ ಖಾತೆಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ. ಆ ನಂಬರಿಗೆ ಕರೆ ಹೋಗಿದ್ದರೆ ಅವರ ಹಣ ಉಳಿಯುತ್ತಿತ್ತೋ ಇಲ್ಲವೋ. ವಿಂಡೋಸ್ ತಾನಾಗಿ ಕೊಡುವ ಎಚ್ಚರಿಕೆಯಲ್ಲಿ ಫೋನ್ ನಂಬರ್ ಎಂದಿಗೂ ಇರುವುದಿಲ್ಲ. ನಂಬರ್ ಕಂಡರೆ ಅದು ಸುಳ್ಳು ಎಂದೇ ತಿಳಿಯಿರಿ.

ಮೊದಲು ಆ ಕೆಂಪು ಪರದೆ ಹೋಗಬೇಕಿತ್ತು. "ಎಡಗಡೆ ತುದಿಗೆ, ಮ್ಯಾಲಿನ ಮೂಲ್ಯಾಗ Esc ಅಂತ ಗುಂಡಿ ಅದ. ಅದನ್ನ ಒತ್ತಿ ಹಿಡೀರಿ, ಬಿಡಬ್ಯಾಡ್ರಿ" ಎಂದೆ. ಕೆಲವು ಸೆಕೆಂಡಿನಲ್ಲಿ ಪರದೆ ಮಾಮೂಲು ಪುಟದಂತಾಯಿತು. ಬಲಗಡೆ ಮೇಲಿನ ಗುಣಾಕಾರದ ಗುರುತನ್ನು ಒತ್ತಿಸಿ ಮುಚ್ಚಿಸಿದೆ. ಬ್ಯಾಂಕಿನ ಪುಟ ತೆರೆದಿದ್ದರೆ ಅದನ್ನೂ ಮುಚ್ಚಿ ಎಂದೆ. ಏಕೆಂದರೆ ಮುಂದೆ ಅವರ ಪರದೆಯ ಮೇಲಿರುವುದೆಲ್ಲ ನನಗೂ ಕಾಣುತ್ತದೆ. ಮಗನಾದರೂ ನೋಡಬೇಕಾಗಿಲ್ಲದ್ದನ್ನು ನೋಡಬಾರದು.

ಪರದೆ ನೋಡಲು ನಾನು ಬಳಸಿದ್ದು ವಿಂಡೋಸಿನಲ್ಲೇ ಸಿಗುವ Quick Assist. ಸಹಾಯ ಮಾಡುವವನಿಗೆ ಮೈಕ್ರೋಸಾಫ್ಟ್ ಖಾತೆ ಬೇಕು. ಸಹಾಯ ಪಡೆಯುವವರಿಗೆ ಬೇಡ. ನಾನು ನನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಸಹಾಯ ಮಾಡುವ ಗುಂಡಿ ಒತ್ತಿದಾಗ ಆರು ಅಕ್ಷರಗಳ ಒಂದು ಕೋಡ್ ಬಂತು. ಅದರ ಆಯುಷ್ಯ ಹತ್ತೇ ನಿಮಿಷ. ಅಷ್ಟರೊಳಗೆ ಅಪ್ಪ ತಮ್ಮ ಕಡೆ ಅದನ್ನು ಹಾಕಬೇಕು.

ಅಪ್ಪನ ಕಡೆ ಅದನ್ನು ತೆರೆಯಲು Ctrl ಗುಂಡಿ, ನಾಲ್ಕು ಚೌಕದ ಕಿಟಕಿ ಗುರುತಿನ ಗುಂಡಿ, Q ಗುಂಡಿ ಮೂರನ್ನೂ ಕೂಡಿಸಿ ಒತ್ತಬೇಕು. ಮುದಿ ಬೆರಳಿಗೆ ಇದು ಸುಲಭವಲ್ಲ. ಮೂರು ಸಲ ತಪ್ಪಿತು. ಆಗ ಕಿಟಕಿ ಗುಂಡಿಯೊಂದನ್ನೇ ಒತ್ತಿ ಬಿಟ್ಟು, quick assist ಎಂದು ಟೈಪ್ ಮಾಡಿಸಿದೆ. ಹೆಸರು ಕಂಡಿತು, ಒತ್ತಿದರು, ತೆರೆಯಿತು.

ಕೋಡ್ ಹೇಳುವಾಗ ಇನ್ನೊಂದು ತೊಡಕು. ಫೋನಿನಲ್ಲಿ ಬಿ, ಡಿ, ಪಿ, ಟಿ ಎಲ್ಲ ಒಂದೇ ತೆರನಾಗಿ ಕೇಳಿಸುತ್ತವೆ. ಅಪ್ಪ B ಬದಲು D ಒತ್ತಿದರು. ಹತ್ತು ನಿಮಿಷ ಮುಗಿದು ಕೋಡ್ ಸತ್ತಿತು. ಎರಡನೆಯ ಕೋಡನ್ನು ಊರ ಹೆಸರಿನಿಂದ ಹೇಳಿದೆ: ಬೀದರದ B, ತಾಂಡೂರಿನ T, ನ್ಯಾಲ್ಕಲ್ಲಿನ N, ಜಹೀರಾಬಾದಿನ Z. ಅಪ್ಪ ಜಹೀರಾಬಾದ್ ಸ್ಟೇಷನ್ನಿನ ಫಲಕವನ್ನು ಎಷ್ಟು ಸಲ ನೋಡಿಲ್ಲ! ಈ ಸಲ ಒಂದೂ ತಪ್ಪಲಿಲ್ಲ.

ಆಮೇಲೆ ಪರದೆಯ ಮೇಲೆ Allow ಎಂಬ ಗುಂಡಿ ಬಂತು. ಅಪ್ಪ ಅಲ್ಲೇ ನಿಂತರು.

"ತಮ್ಮಾ, ಹಿಂದ ಒಂದು ಸಿನಿಮಾ ಹಾಡಿನ ಪುಟದಾಗ ಹಿಂಗೇ ಬರದಿತ್ತು. ಒತ್ತಿದ ಮ್ಯಾಲೇ ಈ ಡಬ್ಬಿ ಶುರು ಆಗಿದ್ದು."

ರೋಗದ ಮೂಲವನ್ನು ಅಪ್ಪನೇ ಹೇಳಿದಂತಾಯಿತು. ಕೆಲವು ಜಾಲತಾಣಗಳು ಮೊದಲು ಅನುಮತಿ ಕೇಳುತ್ತವೆ. Allow ಒತ್ತಿದರೆ ಆ ತಾಣ ನಮ್ಮ ಪರದೆಯ ಮೂಲೆಗೆ ಸೂಚನೆ ಕಳಿಸುವ ಹಕ್ಕು ಪಡೆಯುತ್ತದೆ. ಯಂತ್ರವನ್ನು ಆರಿಸಿ ಹಚ್ಚಿದರೂ ಆ ಹಕ್ಕು ಹೋಗುವುದಿಲ್ಲ. ಅಪ್ಪ ವೈರಸ್ ಎಂದು ಹೆದರಿದ್ದು ಇದಕ್ಕೇ. ಗುರುತಿಸುವ ಬಗೆ ಇದು: ಡಬ್ಬಿಯೊಳಗೆ ಸಣ್ಣ ಅಕ್ಷರದಲ್ಲಿ ತಾಣದ ವಿಳಾಸ ಇರುತ್ತದೆ. ಇದ್ದರೆ ಅದು ತಾಣದ ಸೂಚನೆ, ವಿಂಡೋಸಿನದ್ದಲ್ಲ.

"ಇದು ನಾ ಕೇಳಿದ್ದು ಅಪ್ಪಾ, ಒತ್ರಿ" ಎಂದೆ. ಒತ್ತಿದರು. ಅವರ ಪರದೆ ನನ್ನೆದುರು ಬಂತು. ಇಲಿ ಆಡಿಸಲು ನಾನು ಮತ್ತೊಮ್ಮೆ ಅನುಮತಿ ಕೇಳಬೇಕಾಯಿತು, ಅದನ್ನೂ ಕೊಟ್ಟರು. ಅವರು ಬಳಸುವುದು ಕ್ರೋಮ್ ಆದ್ದರಿಂದ ಮೇಲಿನ ವಿಳಾಸದ ಪಟ್ಟಿಯಲ್ಲಿ ಇದನ್ನು ಬರೆದೆ:

```
chrome://settings/content/notifications
```

ಸೂಚನೆ ಕಳಿಸಲು ಅನುಮತಿ ಪಡೆದ ತಾಣಗಳ ಪಟ್ಟಿ ತೆರೆಯಿತು. ಅಪ್ಪನಿಗೆ ಗೊತ್ತಿಲ್ಲದ ನಾಲ್ಕು ಹೆಸರಿದ್ದವು. ಪ್ರತಿಯೊಂದರ ಪಕ್ಕದ ಮೂರು ಚುಕ್ಕೆ ಒತ್ತಿ Block ಮಾಡಿದೆ. ಮೇಲೆಯೇ, ಯಾವ ತಾಣವೂ ಸೂಚನೆ ಕಳಿಸದಂತೆ ಮಾಡುವ ಆಯ್ಕೆಯನ್ನೂ ಹಾಕಿದೆ.

ಯಂತ್ರ ಶುಚಿ ಮಾಡುತ್ತೇನೆಂಬ ಒಂದು ಪ್ರೋಗ್ರಾಮನ್ನೂ ಅಪ್ಪ ಇಳಿಸಿಕೊಂಡಿದ್ದರು. ಅದನ್ನು ತೆಗೆಯಲು ಹೋದಾಗ ನನ್ನ ಕಡೆ ಪರದೆ ಕಪ್ಪಾಯಿತು. ಸಂಪರ್ಕ ಕಡಿದಿರಲಿಲ್ಲ. ಯಂತ್ರದಲ್ಲಿ ದೊಡ್ಡ ಬದಲಾವಣೆ ಮಾಡುವಾಗ ವಿಂಡೋಸ್ ಒಪ್ಪಿಗೆ ಕೇಳುತ್ತದೆ. ಆ ಪ್ರಶ್ನೆ ದೂರದವನಿಗೆ ಕಾಣದಂತೆ ಮರೆಯಾಗುವುದುಂಟು. ಎದುರು ಕೂತವರೇ ಓದಿ Yes ಒತ್ತಬೇಕು. ಅಪ್ಪ ಪ್ರೋಗ್ರಾಮಿನ ಹೆಸರನ್ನು ಅಕ್ಷರ ಕೂಡಿಸಿ ಓದಿ ಹೇಳಿದರು. ಅದೇ ಹೆಸರು ಎಂದು ಖಾತ್ರಿಯಾದ ಮೇಲೆ ಒತ್ತಿದರು. ಪರದೆ ಮತ್ತೆ ಕಂಡಿತು. ಕೊನೆಗೆ Windows Security ತೆರೆದು Quick scan ನಡೆಸಿದೆವು. ಏನೂ ಸಿಗಲಿಲ್ಲ.

ಕೇಳುಗರೇ, ನಾನು ಬಳಸಿದ ಈ ಸಾಧನವನ್ನೇ ಮೋಸಗಾರರೂ ಬಳಸುತ್ತಾರೆ. ಅವರೂ ಕೋಡ್ ಹೇಳುತ್ತಾರೆ, ಅವರೂ Allow ಒತ್ತಿಸುತ್ತಾರೆ. ಸಾಧನ ನೋಡಿ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಅಪ್ಪನಿಗೆ ಒಂದೇ ಕಟ್ಟು ಹಾಕಿದ್ದೇನೆ: ತಾವಾಗಿ, ತಮ್ಮ ಫೋನಿನಲ್ಲಿ ಬರೆದಿಟ್ಟ ನಂಬರಿಗೆ ಕರೆ ಮಾಡಿದಾಗ ಮಾತ್ರ ಕೋಡ್ ಹಾಕಬೇಕು. ಯಾರಾದರೂ ಕರೆ ಮಾಡಿ ಕೋಡ್ ಕೊಟ್ಟರೆ, ಮಗನ ದನಿಯಂತೆಯೇ ಕೇಳಿಸಿದರೂ, ಇಟ್ಟುಬಿಟ್ಟು ತಾವೇ ತಿರುಗಿ ಕರೆಯಬೇಕು. ನಡುವೆ ಸಂಶಯ ಬಂದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಯಂತ್ರವೇ ಆರಿದ ಮೇಲೆ ಒಳಗೆ ಯಾರೂ ಉಳಿಯುವುದಿಲ್ಲ.

ಮೋಸ ಆಗಿಯೇ ಹೋದರೆ ತಡ ಮಾಡದೆ ಮೊದಲು ಬ್ಯಾಂಕಿಗೆ ಹೇಳಬೇಕು. ನಮ್ಮ ದೇಶದಲ್ಲಾದರೆ 1930ಕ್ಕೂ ಕರೆ ಮಾಡಬೇಕು.

ಎಲ್ಲ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಎಂಟೂವರೆ, ಅಪ್ಪನಿಗೆ ರಾತ್ರಿ ಹತ್ತು. ನಾನು ಸಂಪರ್ಕ ಬಿಡುವ ಮುನ್ನ ಅಪ್ಪ ಕೇಳಿದರು: "ಇನ್ನ ನೀ ನನ್ನ ಪರದೆ ನೋಡ್ಲಿಕ್ಕಾಗಲ್ಲಲ್ಲ?"

"ಇಲ್ರಿ. ಮತ್ತ ನೋಡಬೇಕಂದ್ರ ಹೊಸ ಕೋಡ್ ಬೇಕು, ನೀವೇ Allow ಒತ್ತಬೇಕು."

"ಹಂಗಾದ್ರ ಚಲೋ" ಎಂದರು. ಮರುದಿನ ತಾವಾಗಿಯೇ ಅಣ್ಣನಿಗೂ ಎಲ್ಲವನ್ನೂ ಹೇಳಿದರಂತೆ.