ಹತ್ತು ಲಕ್ಷ ಕ್ಷಣ, ನೂರು ಕೋಟಿ ಕ್ಷಣ



ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ. ಕೇಳಲು ಅಣ್ಣತಮ್ಮಂದಿರ ಹೆಸರಿನಂತಿವೆ. ಸೆಕೆಂಡುಗಳಲ್ಲಿ ಅಳೆದು ನೋಡೋಣ.

ದಿನಕ್ಕೆ 86,400 ಸೆಕೆಂಡು. ಹತ್ತು ಲಕ್ಷವನ್ನು ಇದರಿಂದ ಭಾಗಿಸಿದರೆ 11 ದಿನ, ಮೇಲೆ 13 ಗಂಟೆ 46 ನಿಮಿಷ 40 ಸೆಕೆಂಡು. ನೂರು ಕೋಟಿ ಅದರ ಸಾವಿರಪಟ್ಟು, ಅಂದರೆ ಸುಮಾರು 11,574 ದಿನ. ವರ್ಷಕ್ಕೆ ತಿರುಗಿಸಿದರೆ 31 ವರ್ಷ 8 ತಿಂಗಳ ಮೇಲೆ.

ಇದಕ್ಕೊಂದು ನಿಜವಾದ ಲೆಕ್ಕವಿದೆ. ಅನೇಕ ಕಂಪ್ಯೂಟರುಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ನಮ್ಮ ಗಡಿಯಾರದಲ್ಲಿ ಅದು ಅಂದಿನ ಬೆಳಗಿನ 5.30. ಆ ಎಣಿಕೆಯಲ್ಲಿ ಹತ್ತು ಲಕ್ಷ ತುಂಬಿದ್ದು ಅದೇ ಜನವರಿ 12ರ ಸಂಜೆ, ಸಂಕ್ರಾಂತಿಗೆ ಇನ್ನೂ ಎರಡು ದಿನವಿತ್ತು. ನೂರು ಕೋಟಿ ತುಂಬಿದ್ದು 2001ರ ಸೆಪ್ಟೆಂಬರ್ 9ರ ಬೆಳಿಗ್ಗೆ 7 ಗಂಟೆ 16 ನಿಮಿಷಕ್ಕೆ. ಅಂದು ಹುಟ್ಟಿದ ಕೂಸು ಅಷ್ಟರಲ್ಲಿ ತಾನೇ ಮಕ್ಕಳೊಂದಿಗನಾಗಿರಬಹುದು.

ನಮ್ಮ ವಾಡಿಯಲ್ಲಿ ಕಾಮಗಾರಿಯ ಫಲಕದ ಮೇಲೆ ಹತ್ತು ಲಕ್ಷ, ಪತ್ರಿಕೆಯಲ್ಲಿ ನೂರು ಕೋಟಿ ಎಂದು ಓದುತ್ತೇವೆ. ಓದಿದಾಗ ಸೆಕೆಂಡಿಗೊಂದು ರೂಪಾಯಿ ಎಣಿಸಿಕೊಳ್ಳಿ. ಮೊದಲನೆಯದು ಹನ್ನೆರಡನೆಯ ದಿನಕ್ಕೆ ಮುಗಿಯುತ್ತದೆ. ಎರಡನೆಯದಕ್ಕೆ 28ನೇ ವಯಸ್ಸಿಗೆ ನೌಕರಿ ಸೇರಿದವನು ಹಗಲು ರಾತ್ರಿ ಎಣಿಸುತ್ತ ಕೂತರೂ ನಿವೃತ್ತಿಯ ಹೊಸ್ತಿಲಿಗೆ ಬಂದಿರುತ್ತಾನೆ.