ರಗ್ಬಿ ಆಟದ ಮೊದಲ ಪಾಠ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಕಬಡ್ಡಿಯನ್ನರಿಯದ ತರುಣರು ವಿರಳ. ಅವರು ವಿನೋದಕ್ಕಾಗಿ ಯೂನಿಯನ್ ರಗ್ಬಿಯನ್ನು ಆಡತೊಡಗಿದರೆ ಮೊದಲು ಮರೆಯಬೇಕಾದುದು ಬಿಗಿಪಟ್ಟನ್ನು. ಕಬಡ್ಡಿಯಲ್ಲಿ ಹಿಡಿದವನನ್ನು ಬಿಟ್ಟರೆ ಸೋಲು. ಇಲ್ಲಿ ಕೆಡವಿದೊಡನೆ ಬಿಡದಿದ್ದರೆ ದಂಡ.

ಈ ಕೆಡವುವಿಕೆಗೆ ಟ್ಯಾಕಲ್ ಎಂದು ಹೆಸರು. ಚೆಂಡು ಹಿಡಿದವನನ್ನು ಭುಜಕ್ಕಿಂತ ಕೆಳಗೆ ತೋಳುಗಳಿಂದ ಬಳಸಬೇಕು. ನಮ್ಮ ತಲೆ ಅವನ ಮೈಯ ಪಕ್ಕದಲ್ಲಿರಬೇಕು, ಎದುರಿಗಲ್ಲ. ಬಿದ್ದವನೂ ಕೂಡಲೇ ಚೆಂಡನ್ನು ಬಿಡತಕ್ಕದ್ದು. ಆಗ ಎರಡೂ ಪಕ್ಷದ ಒಬ್ಬೊಬ್ಬರಾದರೂ ಚೆಂಡಿನ ಮೇಲೆ ನಿಂತು ಮೈಗೆ ಮೈಯೊತ್ತಿದರೆ ಅದೇ ರಕ್. ಅದಾದ ಮೇಲೆ ಹೊಸದಾಗಿ ಚೆಂಡಿಗೆ ಕೈಹಾಕುವಂತಿಲ್ಲ. ಎದುರಾಳಿಯನ್ನು ಒತ್ತಿ, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸರಿಸಬೇಕು. ಸೇರುವವರು ತಮ್ಮವರ ಹಿಂದಿನಿಂದಲೇ ಬರಬೇಕು; ಪಕ್ಕದಿಂದ ನುಗ್ಗಿದರೆ ದಂಡ.

ಇನ್ನು, ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯಬಾರದೇಕೆ? ಚೆಂಡು ಹಿಡಿದ ಗೆಳೆಯನಿಗಿಂತ ಮುಂದಿರುವವನು ಆಫ್‌ಸೈಡ್. ಅವನು ಆಟದಲ್ಲಿ ಕೈಯಿಡುವಂತಿಲ್ಲ. ಹಾಗಿಲ್ಲದಿದ್ದರೆ ಒಬ್ಬನು ಎದುರಾಳಿಗಳ ಗೆರೆಯ ಬಳಿ ಕಾದು ನಿಂತಾನು, ಅವನಿಗೆ ಚೆಂಡೆಸೆದರೆ ಸಾಕು. ಟ್ಯಾಕಲ್ಲೂ ಬೇಡ, ರಕ್ಕೂ ಬೇಡ. ಆದುದರಿಂದ ನೆಲವನ್ನು ಗೆಲ್ಲುವುದು ಓಟದಿಂದ, ಇಲ್ಲವೇ ಒದೆತದಿಂದ. ಓಡುವವನ ಸಂಗಡಿಗನು ಎರಡು ಹೆಜ್ಜೆ ಹಿಂದೆ, ಓರೆಯಾಗಿ ಓಡುತ್ತಿದ್ದರೆ ಎಸೆದ ಚೆಂಡೂ ಅವನಿಗೆ ಸಿಕ್ಕೀತು. ಗೆಳೆಯನು ಬಿದ್ದರೆ ರಕ್ಕಿಗೂ ಅವನೇ ಮೊದಲು ಮುಟ್ಟುವನು.