ನೆರಳಿನಿಂದ ಭೂಮಿಯ ಅಳತೆ



ಒಂದು ಮೀಟರ್ ಎತ್ತರದ ನೇರವಾದ ಕೋಲು, ಒಂದು ಅಳತೆಪಟ್ಟಿ, ದೂರದ ಊರಿನಲ್ಲಿ ಇಷ್ಟೇ ಸಲಕರಣೆ ಇಟ್ಟುಕೊಂಡು ಕಾದಿರುವ ಒಬ್ಬ ಗೆಳೆಯ. ಭೂಮಿಯ ಸುತ್ತಳತೆ ಕಂಡುಹಿಡಿಯಲು ಇಷ್ಟು ಸಾಕು. ನಮ್ಮ ವಿಜ್ಞಾನ ಕಾರ್ಯಕ್ರಮವೊಂದಕ್ಕಾಗಿ ಇದನ್ನು ನಾವು ಬೆಂಗಳೂರು ಮತ್ತು ದೆಹಲಿಗಳಲ್ಲಿ ಮಾಡಿ ನೋಡಿದೆವು. ಮೊದಲು ಬಂದ ಉತ್ತರ ತಪ್ಪಾಗಿತ್ತು. ಅದು ಏಕೆ ತಪ್ಪಿತು ಎಂಬುದನ್ನು ಹೇಳುವುದೇ ಈ ಮಾತುಕತೆಯ ಉದ್ದೇಶ.

ಈ ಉಪಾಯ ಹೊಸದೇನಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ ಎರಟಾಸ್ತನೀಸ್ ಇದನ್ನು ಮಾಡಿದ್ದ. ದಕ್ಷಿಣದ ಸಯೀನಿ ಎಂಬ ಊರಿನಲ್ಲಿ, ಎಂದರೆ ಈಗಿನ ಆಸ್ವಾನ್‌ನಲ್ಲಿ, ವರ್ಷದ ಅತಿ ದೀರ್ಘ ಹಗಲಿನ ದಿನ ನಡುಮಧ್ಯಾಹ್ನ ಕಂಬಕ್ಕೆ ನೆರಳೇ ಬೀಳುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆರಳು ಬೀಳುತ್ತಿತ್ತು. ಅದರ ಕೋನ ಪೂರ್ಣ ವೃತ್ತದ ಐವತ್ತನೇ ಒಂದು ಭಾಗ, ಅಂದರೆ 7.2 ಡಿಗ್ರಿ. ಊರುಗಳ ನಡುವಣ ದೂರ 5,000 ಸ್ಟೇಡಿಯ. ಹಾಗಾದರೆ ಭೂಮಿಯ ಸುತ್ತಳತೆ ಅದರ ಐವತ್ತರಷ್ಟು, 2,50,000 ಸ್ಟೇಡಿಯ. ಒಂದು ಸ್ಟೇಡಿಯ ನಮ್ಮ ಎಷ್ಟು ಮೀಟರಿಗೆ ಸಮ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದ್ದರಿಂದ ಅವನ ಉತ್ತರ ಎಷ್ಟು ನಿಖರವಾಗಿತ್ತು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅವನ ತರ್ಕ ಮಾತ್ರ ಇಂದಿಗೂ ಗಟ್ಟಿ.

ಆ ತರ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಸೂರ್ಯ ಎಷ್ಟು ದೂರದಲ್ಲಿದ್ದಾನೆಂದರೆ, ಬೆಂಗಳೂರಿಗೂ ದೆಹಲಿಗೂ ಬರುವ ಅವನ ಕಿರಣಗಳನ್ನು ಸಮಾಂತರವೆಂದೇ ಭಾವಿಸಬಹುದು. ಆದರೆ ಎರಡು ಊರುಗಳಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲುಗಳು ಒಂದಕ್ಕೊಂದು ಸಮಾಂತರವಲ್ಲ. ಎರಡನ್ನೂ ಕೆಳಕ್ಕೆ ಬೆಳೆಸಿದರೆ ಅವು ಭೂಮಿಯ ಕೇಂದ್ರದಲ್ಲಿ ಸಂಧಿಸುತ್ತವೆ. ಹಾಗೆ ಸಂಧಿಸುವಲ್ಲಿ ಆಗುವ ಕೋನವೇ ಎರಡು ನೆರಳಿನ ಕೋನಗಳ ವ್ಯತ್ಯಾಸ. ಕಾಗದದ ಮೇಲೆ ಒಂದು ವೃತ್ತ ಎಳೆದು ನೀವೇ ಪರೀಕ್ಷಿಸಿ, ಎಂಟನೆಯ ತರಗತಿಯ ರೇಖಾಗಣಿತ ಸಾಕು.

ಇನ್ನು ನಮ್ಮ ಪ್ರಯೋಗ. ಬೆಂಗಳೂರು, ದೆಹಲಿ ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ಒಂದರ ನೇರ ಉತ್ತರಕ್ಕೆ ಇನ್ನೊಂದು. ನಾವು ಆರಿಸಿಕೊಂಡದ್ದು ಮಾರ್ಚ್ ತಿಂಗಳ ವಿಷುವದ ದಿನ. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಕೋಲು ನೆಟ್ಟಗಿದೆಯೆಂದು ಖಚಿತ ಮಾಡಿಕೊಂಡೆವು. ಗಡಿಯಾರದ ಹನ್ನೆರಡು ಗಂಟೆಯನ್ನು ನಂಬಬೇಡಿ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಆ ದಿನಗಳಲ್ಲಿ ಬೆಂಗಳೂರಿನ ನಿಜವಾದ ನಡುಹಗಲು ಸುಮಾರು 12 ಗಂಟೆ 27 ನಿಮಿಷಕ್ಕೆ. ಇದನ್ನೆಲ್ಲ ಲೆಕ್ಕ ಹಾಕುವ ಗೋಜೂ ಬೇಡ. ಹನ್ನೆರಡರಿಂದ ಒಂದರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಿ. ಎಲ್ಲಕ್ಕಿಂತ ಗಿಡ್ಡ ನೆರಳೇ ನಡುಹಗಲಿನ ನೆರಳು.

ನಮ್ಮ ತಾರಸಿಯ ಮೇಲೆ ಅದು 22.5 ಸೆಂಟಿಮೀಟರ್ ಇತ್ತು. ದೆಹಲಿಯ ಮಿತ್ರರು ಫೋನಿನಲ್ಲಿ 55.2 ಎಂದರು. ನೆರಳನ್ನು ಕೋಲಿನ ಎತ್ತರದಿಂದ ಭಾಗಿಸಿದರೆ ಬರುವುದು ಕೋನದ ಟ್ಯಾಂಜೆಂಟ್. ಕೋಷ್ಟಕ ನೋಡಿದರೆ ಕೋನಗಳು 12.7 ಮತ್ತು 28.9 ಡಿಗ್ರಿ, ವ್ಯತ್ಯಾಸ 16.2. ದೂರ 1,740 ಕಿ.ಮೀ. ಅದನ್ನು 360ರಿಂದ ಗುಣಿಸಿ 16.2ರಿಂದ ಭಾಗಿಸಿದೆವು. ಬಂದದ್ದು ಸುಮಾರು 38,700 ಕಿ.ಮೀ. ಧ್ರುವಗಳ ಮೇಲಿಂದ ಹಾಯುವ ಭೂಮಿಯ ಸುತ್ತಳತೆ ವಾಸ್ತವವಾಗಿ ಸುಮಾರು 40,008 ಕಿ.ಮೀ. ಸಾವಿರದ ಮುನ್ನೂರು ಕಿ.ಮೀ. ಎಲ್ಲಿ ಹೋಯಿತು?

ಕೋಲಿನ ನೆರಳಿನ ತುದಿಯನ್ನು ಬಗ್ಗಿ ಹತ್ತಿರದಿಂದ ನೋಡಿ. ಅದು ಚೂರಿಯಿಂದ ಕೊಯ್ದಂತೆ ಇರುವುದಿಲ್ಲ. ದಟ್ಟ ನೆರಳು ಮುಗಿದ ಮೇಲೆ ಒಂದು ಸೆಂಟಿಮೀಟರಿನಷ್ಟು ಮಸುಕಾದ ಅರೆನೆರಳು ಇರುತ್ತದೆ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಬಿಲ್ಲೆಯ ಮೇಲಂಚಿನ ಬೆಳಕು ದಟ್ಟ ನೆರಳಿನ ಕೊನೆಯನ್ನು ತೀರ್ಮಾನಿಸುತ್ತದೆ, ಕೆಳಂಚಿನ ಬೆಳಕು ಅರೆನೆರಳಿನ ಕೊನೆಯನ್ನು. ನಾವು ಅಳೆದದ್ದು ದಟ್ಟ ನೆರಳನ್ನು. ದೆಹಲಿಯವರು ಮಸುಕು ಪೂರ್ತಿ ಮುಗಿಯುವವರೆಗೆ ಅಳೆದಿದ್ದರು. ಅರ್ಧ ಡಿಗ್ರಿಯ ತಪ್ಪು ಅಲ್ಲಿ ನುಸುಳಿತ್ತು. ತಪ್ಪು ಅವರದಲ್ಲ, ಮೊದಲೇ ಹೇಳದಿದ್ದ ನನ್ನದು.

ಪುಣ್ಯಕ್ಕೆ ಅವರು ಎರಡು ಅಂಚಿಗೂ ಸೀಮೆಸುಣ್ಣದ ಗೆರೆ ಎಳೆದಿದ್ದರು. ದಟ್ಟ ನೆರಳಿನ ಅಳತೆ 53.9 ಸೆಂ.ಮೀ., ಕೋನ 28.3 ಡಿಗ್ರಿ. ಈಗ ವ್ಯತ್ಯಾಸ 15.6, ಸುತ್ತಳತೆ 40,154 ಕಿ.ಮೀ. ಇದರಲ್ಲಿ ಒಂದು ಸ್ವಾರಸ್ಯವಿದೆ. ದಟ್ಟ ನೆರಳನ್ನು ಅಳೆದಾಗ ಎರಡೂ ಕೋನಗಳು ಕಾಲು ಡಿಗ್ರಿಯಷ್ಟು ಕಡಿಮೆಯೇ ಬರುತ್ತವೆ, ಆದರೆ ಕಳೆಯುವಾಗ ಆ ತಪ್ಪು ಹೊಡೆದುಹೋಗುತ್ತದೆ. ಯಾವ ಅಂಚು ಎಂಬುದಕ್ಕಿಂತ ಇಬ್ಬರೂ ಒಂದೇ ಅಂಚನ್ನು ಅಳೆಯುವುದು ಮುಖ್ಯ. ಹಾಗೆಂದು 40,154 ಎಂಬ ಕೊನೆಯ ಅಂಕೆಗಳನ್ನು ನೆಚ್ಚಬೇಡಿ. ಎರಡೂ ಕಡೆ ಒಂದೊಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಉತ್ತರ 250 ಕಿ.ಮೀ.ನಷ್ಟು ಅತ್ತಿತ್ತ ಆಗಬಹುದು.

ಇನ್ನು ದೂರದ ಮಾತು. ರೈಲಿನಲ್ಲಿ ಹೋದರೆ ದೆಹಲಿ ಸುಮಾರು 2,400 ಕಿ.ಮೀ. ಆ ಅಂಕೆಯನ್ನು ಹಾಕಿದರೆ ಭೂಮಿ 55,000 ಕಿ.ಮೀ. ದಾಟಿ ಊದಿಕೊಳ್ಳುತ್ತದೆ. ಬೇಕಾದದ್ದು ನೆಲದ ಮೇಲಿನ ನೇರ ದೂರ. ಅಟ್ಲಾಸಿನ ನಕ್ಷೆಯ ಮೇಲೆ ಪಟ್ಟಿ ಇಟ್ಟು ಪ್ರಮಾಣದಿಂದ ಗುಣಿಸಿ ಪಡೆಯಿರಿ. ನಕ್ಷೆ ಮಾಡಿದವರಿಗೆ ಭೂಮಿಯ ಅಳತೆ ಮೊದಲೇ ಗೊತ್ತಿತ್ತಲ್ಲ, ಇದು ಮೋಸವಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಈ ದೂರವನ್ನು ನೆಲದ ಮೇಲೆಯೇ ಅಳೆದವರಿದ್ದಾರೆ. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದರಾಸಿನ ಬಳಿ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಉತ್ತರಕ್ಕೆ ಸಾಗಿದ ಆ ಮೋಜಣಿಯನ್ನು ಅವನ ನಂತರ ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಒಯ್ದ. ಕೋನಕ್ಕೆ ಅವರು ನೆರಳನ್ನಲ್ಲ, ನಕ್ಷತ್ರಗಳನ್ನು ನೋಡಿದರು. ಉಳಿದ ಲೆಕ್ಕ ನಿಮ್ಮ ಕೋಲಿನದೇ.

ಜೊತೆಗಾರರ ಊರನ್ನು ಆರಿಸುವಾಗಲೂ ಎಚ್ಚರ ಬೇಕು. ಬೆಂಗಳೂರಿನವರು ಮಂಗಳೂರಿನ ಗೆಳೆಯರನ್ನು ಹಿಡಿದರೆ ಕೆಲಸ ಕೆಟ್ಟಿತು. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಡುವೆ 300 ಕಿ.ಮೀ. ಇದ್ದರೂ ನಡುಹಗಲಿನ ನೆರಳು ಎರಡೂ ಕಡೆ ಒಂದೇ. ವ್ಯತ್ಯಾಸ ಸೊನ್ನೆಯ ಹತ್ತಿರ, ಭೂಮಿಯ ಸುತ್ತಳತೆ ಲಕ್ಷಗಟ್ಟಲೆ ಕಿ.ಮೀ.! ಲೆಕ್ಕಕ್ಕೆ ಬರುವುದು ಉತ್ತರ ದಕ್ಷಿಣದ ದೂರ ಮಾತ್ರ. ಮೈಸೂರು ದಕ್ಷಿಣಕ್ಕೇ ಇದ್ದರೂ ತೀರ ಹತ್ತಿರ. ಕೋನದ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲದಿರುವಾಗ ಅರೆನೆರಳಿನ ಗೊಂದಲವೇ ಅದನ್ನು ನುಂಗಿಬಿಡುತ್ತದೆ.

ವಿಷುವಕ್ಕಾಗಿ ಕಾಯಲೇಬೇಕೆಂದಿಲ್ಲ. ಇಬ್ಬರೂ ಒಂದೇ ದಿನ ಅಳೆದರೆ ಸಾಕು. ಆದರೆ ಜೂನ್ 21ರ ಸುಮಾರಿಗೆ ಅಳೆಯುವವರು ನೆರಳು ಯಾವ ದಿಕ್ಕಿಗಿದೆ ಎಂದೂ ಬರೆದುಕೊಳ್ಳಿ. ಆಗ ಸೂರ್ಯ ಬೆಂಗಳೂರಿಗೆ ಉತ್ತರದಲ್ಲಿರುವುದರಿಂದ ಇಲ್ಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಕೋನ ಸುಮಾರು 10.5 ಡಿಗ್ರಿ. ದೆಹಲಿಯ ನೆರಳು ಉತ್ತರಕ್ಕೇ ಇರುತ್ತದೆ, ಸುಮಾರು 5.2 ಡಿಗ್ರಿ. ಕಳೆದರೆ ಭೂಮಿ ಮೂರು ಪಟ್ಟು ದೊಡ್ಡದಾಗುತ್ತದೆ. ಅಂದು ಮಾತ್ರ ಕೋನಗಳನ್ನು ಕೂಡಬೇಕು.